ತರಚುಗಾಯ, ಕುಡುಗೋಲಿನ ಗಾಯ ಮತ್ತು ಧನುರ್ವಾಯು: ಮನೆಯಲ್ಲಿ ಮಾಡಬೇಕಾದುದೇನು, ಚುಚ್ಚುಮದ್ದು ಯಾರಿಗೆ ಯಾವಾಗ ಬೇಕು

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಗಮನಕ್ಕೆ.

ಮರಳವಾಡಿ ಹೋಬಳಿಯಂತಹ ರೇಷ್ಮೆ ಸೀಮೆಯಲ್ಲಿ ಕುಡುಗೋಲಿನಿಂದ ಬೆರಳು ಕೊಯ್ದುಕೊಳ್ಳದ ರೈತನನ್ನು ಕಾಣುವುದು ಕಷ್ಟ. ಹುಳು ನಾಲ್ಕನೆಯ ಜ್ವರದಿಂದೆದ್ದು ಕಡೆಯ ಹಂತಕ್ಕೆ ಬಂದಾಗ ದಿನಕ್ಕೆ ಹಲವು ಬಾರಿ ಸೊಪ್ಪು ಕೊಯ್ಯಬೇಕಾಗುತ್ತದೆ. ಹೊತ್ತು ಮೂಡುವ ಮೊದಲೇ, ಅರೆಗತ್ತಲಲ್ಲಿ, ಆತುರದಿಂದ ನಡೆಯುವ ಕೆಲಸವದು. ಎಡಗೈಯಲ್ಲಿ ಹಿಪ್ಪುನೇರಳೆಯ ರೆಂಬೆ, ಬಲಗೈಯಲ್ಲಿ ಕುಡುಗೋಲು. ಒಮ್ಮೆ ಜಾರಿದರೆ ತೋರುಬೆರಳು ಸೀಳುತ್ತದೆ. ಅಲ್ಲಿಯೇ ಒಂದು ಚಿಟಿಕೆ ಮಣ್ಣನ್ನೋ, ಬದುವಿನ ಮೇಲಿನ ಯಾವುದೋ ಸೊಪ್ಪಿನ ರಸವನ್ನೋ ಒತ್ತಿ, ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಹರಿದು ಕಟ್ಟಿಕೊಂಡು ಕೆಲಸ ಮುಂದುವರಿಸುವುದು ರೂಢಿಯಾಗಿದೆ. ಸಂಜೆ ಯಾರಾದರೂ ‘ಟಿ.ಟಿ. ಹಾಕಿಸಿಕೊಂಡೆಯಾ?’ ಎಂದು ಕೇಳುತ್ತಾರೆ. ಹಾಕಿಸಿಕೊಂಡರೆ ನಿಶ್ಚಿಂತೆ, ಇಲ್ಲದಿದ್ದರೆ ಮರೆವು. ಈ ಎರಡೂ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಷಯವನ್ನು ಸ್ಪಷ್ಟಪಡಿಸಲು ಒಂದೇ ಮನೆಯ ಮೂವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ಮನೆ ಕಲ್ಪಿತವಾದುದು. ಆದರೆ ಇಂತಹ ಮನೆ ತಮ್ಮ ವಾರ್ಡಿನಲ್ಲಿ ಖಂಡಿತ ಇರುತ್ತದೆ. ಮನೆಯ ಯಜಮಾನರಿಗೆ 58 ವರ್ಷ. ಕೊಟ್ಟಿಗೆ ಗೊಬ್ಬರ ಹಾಕಿದ ಹಿಪ್ಪುನೇರಳೆ ತೋಟದಲ್ಲಿ ಅವರ ಎಡಗೈ ತೋರುಬೆರಳಿಗೆ ಕುಡುಗೋಲು ತಾಗಿದೆ. ಸೊಸೆಗೆ 30 ವರ್ಷ. ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚುವಾಗ ಅವರ ಹೆಬ್ಬೆರಳ ತುದಿ ಕೊಯ್ದಿದೆ. ಎಂಟು ವರ್ಷದ ಮೊಮ್ಮಗ ಸೈಕಲ್ಲಿನಿಂದ ಜಲ್ಲಿರಸ್ತೆಯ ಮೇಲೆ ಬಿದ್ದು ಮಂಡಿ ತರಚಿಕೊಂಡಿದ್ದಾನೆ. ಮೂರೂ ಚಿಕ್ಕ ಗಾಯಗಳೇ. ತೊಳೆಯುವ ಕ್ರಮ ಮೂರಕ್ಕೂ ಒಂದೇ. ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ಮೂವರ ಲೆಕ್ಕವೂ ಬೇರೆ ಬೇರೆ.

ಮೊದಲು ರಕ್ತದ ಮಾತು. ಯಜಮಾನರ ಬೆರಳಿನಿಂದ ರಕ್ತ ಸುರಿಯುತ್ತಿದೆ. ಒಗೆದು ಒಣಗಿಸಿದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಇನ್ನೊಂದು ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿಕೊಳ್ಳಬೇಕು. ಗಡಿಯಾರ ನೋಡಿ ಹತ್ತು ನಿಮಿಷ ಹಾಗೆಯೇ ಹಿಡಿದಿರಬೇಕು. ‘ನಿಂತಿತೇ?’ ಎಂದು ಎರಡೆರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುವುದರಿಂದಲೇ ಬಹಳಷ್ಟು ಗಾಯಗಳಲ್ಲಿ ರಕ್ತ ನಿಲ್ಲುವುದಿಲ್ಲ. ಆಗತಾನೆ ಕಟ್ಟಿದ ಹೆಪ್ಪು ಬಟ್ಟೆಯೊಡನೆ ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಬೇಕು. ಬೆರಳಿನ ಬುಡಕ್ಕೆ ದಾರ ಅಥವಾ ರಬ್ಬರ್ ಬ್ಯಾಂಡ್ ಬಿಗಿಯುವ ಅಭ್ಯಾಸ ಅಪಾಯಕರ. ಅದನ್ನು ಬಿಚ್ಚಲು ಮರೆತರೆ ಗಾಯಕ್ಕಿಂತ ದೊಡ್ಡ ಹಾನಿಯಾಗುತ್ತದೆ. ಇಪ್ಪತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಅಥವಾ ರಕ್ತ ಚಿಮ್ಮುತ್ತಿದ್ದರೆ, ಅದು ಮನೆಯಲ್ಲಿ ನೋಡಿಕೊಳ್ಳುವ ಗಾಯವಲ್ಲ.

ರಕ್ತ ನಿಂತ ಮೇಲೆ ತೊಳೆಯುವುದು. ಇಡೀ ಉಪಚಾರದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಮತ್ತೊಂದಿಲ್ಲ. ಆದರೆ ನಮ್ಮಲ್ಲಿ ಅತ್ಯಂತ ಅವಸರದಿಂದ ಮುಗಿಸುವ ಹಂತವೂ ಇದೇ. ಗಾಯ ತೊಳೆಯುವವರು ಮೊದಲು ತಮ್ಮ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಹುಳುಮನೆಗೆ ಕಾಲಿಡುವ ಮುನ್ನ ಕೈಕಾಲು ತೊಳೆಯಬೇಕೆಂಬುದನ್ನು ರೇಷ್ಮೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಎಚ್ಚರ ಇಲ್ಲಿಯೂ ಬೇಕು. ಅನಂತರ ಗಾಯವನ್ನು ನಲ್ಲಿಯ ಹರಿಯುವ ನೀರಿನ ಕೆಳಗೆ ಕನಿಷ್ಠ ಐದು ನಿಮಿಷ ಹಿಡಿಯಬೇಕು. ಕುಡಿಯಲು ಯೋಗ್ಯವಾದ ನೀರು ಗಾಯ ತೊಳೆಯಲೂ ಯೋಗ್ಯ. ಇಂತಹ ನೀರಿನಿಂದ ತೊಳೆದ ಗಾಯಗಳಲ್ಲಿ ಕೀವು ಕಾಣಿಸಿಕೊಳ್ಳುವ ಸಂಭವ, ಆಸ್ಪತ್ರೆಯ ಉಪ್ಪುನೀರಿನ ದ್ರಾವಣದಿಂದ ತೊಳೆದ ಗಾಯಗಳಿಗಿಂತ ಹೆಚ್ಚೇನೂ ಇಲ್ಲವೆಂದು ಅಧ್ಯಯನಗಳು ತೋರಿಸಿವೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನು ಚೊಂಬಿನಿಂದ ಧಾರೆಯಾಗಿ ಸುರಿದರೂ ಆದೀತು. ಕೆರೆಯ ನೀರು, ತೊಟ್ಟಿಯಲ್ಲಿ ನಿಂತ ನೀರು, ದನಕ್ಕೆ ಇಟ್ಟ ನೀರು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಕುದಿಸಿ ಆರಿಸಿ ಬಳಸಬೇಕು. ಗಾಯದ ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ ತೊಳೆಯುವುದು ಸರಿ. ಗಾಯದ ಒಳಗೆ ಸೋಪು ಉಜ್ಜುವುದು ಬೇಡ.

ಮೊಮ್ಮಗನ ಮಂಡಿಯ ತರಚುಗಾಯಕ್ಕೆ ಹೆಚ್ಚಿನ ತಾಳ್ಮೆ ಬೇಕು. ಜಲ್ಲಿರಸ್ತೆಯ ಧೂಳು ಮತ್ತು ಸಣ್ಣ ಕಲ್ಲುಪುಡಿ ಚರ್ಮದೊಳಗೆ ಕೂತಿರುತ್ತವೆ. ನೀರು ಹಾಯಿಸುತ್ತ, ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒಂದೇ ದಿಕ್ಕಿಗೆ ನಿಧಾನವಾಗಿ ಒರೆಸಬೇಕು. ಕಣ್ಣಿಗೆ ಕಾಣುವ ಕಲ್ಲಿನ ಚೂರನ್ನು, ಹತ್ತು ನಿಮಿಷ ಕುದಿಸಿದ ಚಿಮುಟದಿಂದ ತೆಗೆಯಬಹುದು. ಹುಡುಗ ಅಳುತ್ತಾನೆಂದು ಅರ್ಧಕ್ಕೆ ಬಿಟ್ಟರೆ ಎರಡು ನಷ್ಟಗಳಿವೆ. ಉಳಿದ ಕೊಳೆಯ ಸುತ್ತ ಕೀವಾಗಬಹುದು. ಕೀವಾಗದೆ ಮಾಗಿದರೂ ಒಳಗೆ ಉಳಿದ ಧೂಳು ಹಚ್ಚೆಯಂತೆ ಕಪ್ಪು ಕಲೆಯಾಗಿ ಶಾಶ್ವತವಾಗಿ ನಿಲ್ಲಬಹುದು. ಆಳದಲ್ಲಿ ಸಿಕ್ಕಿಕೊಂಡು ಹೊರಬಾರದ ಚೂರನ್ನು ಸೂಜಿಯಿಂದ ಕೆದಕದೆ ಆಸ್ಪತ್ರೆಯಲ್ಲಿ ತೆಗೆಸಬೇಕು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಕೀಟಾಣುವನ್ನು ಕೊಲ್ಲುವ ಔಷಧಿ ಹಾಕಿದರೆ ಇಷ್ಟು ತೊಳೆಯಬೇಕೇ? ಬೇಕು. ಧನುರ್ವಾಯು ತರುವ ರೋಗಾಣು ಮಣ್ಣಿನಲ್ಲಿ ಬೀಜಾಣುವಿನ ರೂಪದಲ್ಲಿ, ಗಟ್ಟಿ ಕವಚದೊಳಗೆ ವರ್ಷಗಟ್ಟಲೆ ಬದುಕಿರುತ್ತದೆ. ಮನೆಯಲ್ಲಿ ನಾವು ಹಚ್ಚುವ ಸ್ಪಿರಿಟ್ಟಿಗೆ ಅದು ಸಾಯುವುದಿಲ್ಲ. ಕೆಲವು ನಿಮಿಷಗಳ ಕುದಿತವನ್ನೂ ತಡೆದುಕೊಳ್ಳಬಲ್ಲದು. ಅದನ್ನು ಗಾಯದಲ್ಲಿ ಕೊಲ್ಲಲು ಹೋಗುವುದಕ್ಕಿಂತ ನೀರಿನಿಂದ ಕೊಚ್ಚಿ ಹೊರಹಾಕುವುದೇ ಸರಿಯಾದ ದಾರಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಇವು ರೋಗಾಣುವಿನೊಡನೆ ಮಾಗಲು ಹೊರಟ ಜೀವಕೋಶಗಳನ್ನೂ ಸುಡುತ್ತವೆ. ‘ಚುರುಚುರು ಎಂದರೆ ಔಷಧಿ ಕೆಲಸ ಮಾಡುತ್ತಿದೆ’ ಎಂಬ ನಂಬಿಕೆಗೆ ಆಧಾರವಿಲ್ಲ. ಪೊವಿಡೋನ್ ಅಯೋಡಿನ್ ಇದ್ದರೆ ಗಾಯದ ಸುತ್ತಲಿನ ಚರ್ಮಕ್ಕೆ ಹಚ್ಚಬಹುದು; ಇಲ್ಲದಿದ್ದರೆ ಕೊರತೆಯೇನೂ ಆಗದು. ಹುಳುಮನೆ ತೊಳೆಯಲು ಇಟ್ಟ ಬ್ಲೀಚಿಂಗ್ ಪುಡಿಯ ದ್ರಾವಣವನ್ನಾಗಲಿ, ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿಯನ್ನಾಗಲಿ, ಫಾರ್ಮಲಿನ್ನನ್ನಾಗಲಿ ‘ಸೋಂಕು ನಿವಾರಕ’ ಎಂದು ಚೀಟಿಯ ಮೇಲೆ ಬರೆದಿದೆಯೆಂಬ ಕಾರಣಕ್ಕೆ ಗಾಯಕ್ಕೆ ಎಂದಿಗೂ ಹಾಕಬಾರದು.

ಮನೆಮದ್ದುಗಳ ಕುರಿತೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಸಗಣಿ, ಮಣ್ಣು, ಒಲೆಯ ಬೂದಿ, ನಶ್ಯ, ಸೀಮೆಎಣ್ಣೆ ಇವು ಯಾವುವೂ ಬೇಡ. ಸಗಣಿ ಮತ್ತು ಮಣ್ಣು ಧನುರ್ವಾಯುವಿನ ಬೀಜಾಣುಗಳ ತವರು. ಅವುಗಳನ್ನು ಗಾಯಕ್ಕೆ ಒತ್ತುವುದೆಂದರೆ ರೋಗವನ್ನು ಕೈಯಾರೆ ಬಿತ್ತಿದಂತೆ. ಅರಿಶಿನ ಮತ್ತು ಕಾಫಿ ಪುಡಿಗಳ ವಿಷಯದಲ್ಲಿ ಹಿರಿಯರು ಬೇಸರಪಟ್ಟುಕೊಳ್ಳಬಹುದು. ಅರಿಶಿನದ ಗುಣವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಸಾರಿಗೆಂದು ತಂದ ಪುಡಿ ಗಾಯಕ್ಕೆಂದು ಶುದ್ಧಗೊಳಿಸಿದುದಲ್ಲ. ಅದು ಗಾಯದ ಮೇಲೆ ಗಟ್ಟಿ ಹಲ್ಲೆಯಾಗಿ ಕೂತು ಕೆಳಗಿನ ಕೀವನ್ನು ಮರೆಮಾಡುತ್ತದೆ. ಗಾಯ ಕೆಂಪಗಾಗಿದೆಯೇ ಎಂದು ನೋಡಬೇಕಾದ ವೈದ್ಯರಿಗೆ ಅರಿಶಿನದ ಬಣ್ಣವಷ್ಟೇ ಕಾಣುತ್ತದೆ.

ಇನ್ನು ಪಟ್ಟಿಯ ಆಯ್ಕೆ. ‘ಗಾಳಿಗೆ ಬಿಟ್ಟರೆ ಬೇಗ ಒಣಗುತ್ತದೆ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಒಣಗುತ್ತದೆ, ನಿಜ, ಆದರೆ ಒಣಗುವುದು ಮಾಗುವುದಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲಿನ ಚಿಕ್ಕ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳುಹಾಳೆಯಿಂದ ಮುಚ್ಚಿ ಹೋಲಿಸಿದರು. ಮುಚ್ಚಿ ತೇವವಾಗಿರಿಸಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ವೇಗವಾಗಿ ಹರಡಿತು. ಹೊಸ ಚರ್ಮದ ಕೋಶಗಳು ತೇವದ ಮೇಲೆ ಸುಲಭವಾಗಿ ಸರಿಯುತ್ತವೆ. ಗಟ್ಟಿ ಹಕ್ಕಳೆ ಇದ್ದರೆ ಅದರ ಕೆಳಗೆ ದಾರಿ ಕೊರೆದುಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಗಾಯವನ್ನು ತೊಳೆದು, ಸುತ್ತಲಿನ ಚರ್ಮವನ್ನು ಒತ್ತಿ ಒರೆಸಿ, ಗಾಯದ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ ಮುಚ್ಚುವುದು ಉತ್ತಮ. ಎಲ್ಲರೂ ಬೆರಳು ಅದ್ದಿದ ಹಳೆಯ ಡಬ್ಬಿಗಿಂತ ಹಿಂಡಿ ತೆಗೆಯುವ ಟ್ಯೂಬು ಶುದ್ಧ. ಔಷಧ ಅಂಗಡಿಯಲ್ಲಿ ಸಿಗುವ ಆಂಟಿಬಯಾಟಿಕ್ ಪುಡಿಯನ್ನು ಪ್ರತಿಯೊಂದು ಗೀರಿಗೂ ಉದುರಿಸುವ ಅಗತ್ಯವಿಲ್ಲ.

ಯಾವ ಗಾಯಕ್ಕೆ ಯಾವ ಪಟ್ಟಿ? ಸೊಸೆಯ ಹೆಬ್ಬೆರಳಿಗೆ ಅಂಟುಪಟ್ಟಿ ಸಾಕು. ಬಾಯಿ ತೆರೆದಂತಿರುವ ಅಂಚುಗಳನ್ನು ಒಂದಕ್ಕೊಂದು ತಾಗುವಂತೆ ಕೂಡಿಸಿ, ಪಟ್ಟಿಯನ್ನು ಗಾಯಕ್ಕೆ ಅಡ್ಡವಾಗಿ ಅಂಟಿಸಬೇಕು. ಬೆರಳ ಸುತ್ತ ಬಿಗಿಯಾಗಿ ಸುತ್ತಬಾರದು. ಉಗುರು ನೀಲಿಯಾದರೆ, ಬೆರಳು ಜುಮ್ಮೆಂದರೆ ಸಡಿಲಿಸಬೇಕು. ಅಡುಗೆ ಮನೆಯ ಕೆಲಸದಲ್ಲಿ ಪಟ್ಟಿ ನೆನೆಯುವುದು ಖಚಿತ, ನೆನೆದಾಗಲೆಲ್ಲ ಬದಲಿಸಬೇಕು. ಮೊಮ್ಮಗನ ಮಂಡಿಯ ಅಗಲವಾದ ತರಚುಗಾಯಕ್ಕೆ ಅಂಟುಪಟ್ಟಿ ಸಾಲದು. ಜೆಲ್ಲಿ ಸವರಿದ ಗಾಜ್ ಬಟ್ಟೆಯನ್ನೋ, ಔಷಧ ಅಂಗಡಿಯಲ್ಲಿ ದೊರೆಯುವ ಪ್ಯಾರಾಫಿನ್ ಗಾಜನ್ನೋ ಇಟ್ಟು, ಮೇಲೆ ಒಣ ಗಾಜ್ ಹರಡಿ, ಮಂಡಿ ಮಡಚಲು ಬರುವಂತೆ ಬ್ಯಾಂಡೇಜು ಸುತ್ತಬೇಕು. ಗಾಜ್ ಇಲ್ಲದಿದ್ದರೆ ಒಗೆದು, ಕುದಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿದ ಹಳೆಯ ಹತ್ತಿ ಪಂಚೆಯ ತುಂಡು ನಡೆಯುತ್ತದೆ. ಹತ್ತಿಯ ಉಂಡೆಯನ್ನು ಮಾತ್ರ ನೇರವಾಗಿ ಗಾಯದ ಮೇಲೆ ಇಡಬಾರದು. ಅದರ ಎಳೆಗಳು ಅಂಟಿಕೊಂಡು ತೆಗೆಯಲು ಬಾರವು.

ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿ ಗಾಯವನ್ನು ನೋಡಬೇಕು. ಅಂಟಿಕೊಂಡಿದ್ದರೆ ಎಳೆಯದೆ, ಕುದಿಸಿ ಆರಿಸಿದ ನೀರಿನಿಂದ ಕೆಲವು ನಿಮಿಷ ನೆನೆಸಿದರೆ ತಾನೇ ಬಿಡುತ್ತದೆ. ಮೊದಲ ಎರಡು ದಿನ ಅಂಚಿನಲ್ಲಿ ತುಸು ಕೆಂಪು, ತಿಳಿಹಳದಿ ನೀರು ಕಾಣುವುದು ಸಹಜ. ಮೂರನೆಯ ದಿನದಿಂದ ನೋವು ಇಳಿಯಬೇಕು. ಅದರ ಬದಲು ನೋವು ಹೆಚ್ಚುತ್ತ ಹೋದರೆ, ಕೆಂಪು ಹರಡುತ್ತಿದ್ದರೆ, ಗಾಯ ಬಿಸಿಯಾಗಿ ಊದಿ ಕೀವು ಬಂದರೆ, ಜ್ವರ ಬಂದರೆ, ಕೆಂಪು ಗೆರೆ ಕೈ ಅಥವಾ ಕಾಲಿನ ಮೇಲಕ್ಕೆ ಏರುತ್ತಿದ್ದರೆ ಸೋಂಕಾಗಿದೆಯೆಂದು ತಿಳಿಯಬೇಕು. ಕೆಂಪು ಹರಡುತ್ತಿದೆಯೇ ಎಂಬ ಅನುಮಾನವಿದ್ದಾಗ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟು ಕೆಲವು ಗಂಟೆಗಳ ನಂತರ ನೋಡಿದರೆ ಉತ್ತರ ಸಿಗುತ್ತದೆ. ಗೆರೆ ದಾಟಿದ್ದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಯಜಮಾನರ ಬೆರಳನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದೇ? ತೊಳೆದ ಮೇಲೆ ಮೂರು ಪರೀಕ್ಷೆ ಮಾಡಬೇಕು. ಗಾಯದ ಅಂಚುಗಳು ತಾವಾಗಿ ಕೂಡುತ್ತವೆಯೇ, ಅಥವಾ ಬಾಯಿ ಬಿಟ್ಟು ಒಳಗಿನ ಹಳದಿ ಕೊಬ್ಬು ಕಾಣುತ್ತದೆಯೇ? ಬೆರಳಿನ ಪ್ರತಿಯೊಂದು ಗೆಣ್ಣನ್ನೂ ಮಡಚಿ ನೀಡಲು ಆಗುತ್ತದೆಯೇ? ಗಾಯದಿಂದಾಚೆಗಿನ ಬೆರಳ ತುದಿಗೆ ಸ್ಪರ್ಶ ತಿಳಿಯುತ್ತದೆಯೇ? ಬಾಯಿ ಬಿಟ್ಟಿದ್ದರೆ ಹೊಲಿಗೆ ಬೇಕು. ಅದು ತಡವಾದಷ್ಟೂ ಕಷ್ಟ, ಆದುದರಿಂದ ಸೊಪ್ಪು ಕೊಯ್ದು ಮುಗಿಸಿ ಸಂಜೆ ಹೋದರಾಯಿತು ಎನ್ನುವಂತಿಲ್ಲ. ಬೆರಳು ಮಡಚಲಾಗದಿದ್ದರೆ ಸ್ನಾಯುವಿನ ಹುರಿ, ಸ್ಪರ್ಶವಿಲ್ಲದಿದ್ದರೆ ನರ ತುಂಡಾಗಿರಬಹುದು. ನಮ್ಮ ಉದಾಹರಣೆಯಲ್ಲಿ ಗಾಯ ಆಳವಿಲ್ಲ, ಅಂಚು ಕೂಡುತ್ತದೆ, ಬೆರಳು ಆಡುತ್ತದೆ. ಹೊಲಿಗೆ ಬೇಡ. ಆದರೂ ಅವರು ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಏಕೆಂಬುದು ಮುಂದಿನ ವಿಷಯ. ಮಧುಮೇಹವಿರುವವರ ಪಾದದ ಗಾಯ ಎಷ್ಟೇ ಚಿಕ್ಕದಿರಲಿ, ಅದನ್ನು ವೈದ್ಯರಿಗೆ ತೋರಿಸಬೇಕೆಂಬುದನ್ನೂ ಇಲ್ಲಿಯೇ ಸೇರಿಸುತ್ತೇವೆ. ನಾಯಿ, ಕೋತಿಗಳ ಕಡಿತದ ದಾರಿ ಪೂರ್ತಿ ಬೇರೆ: ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ಪಟ್ಟಿ ಕಟ್ಟದೆ, ಅಂದೇ ರೇಬೀಸ್ ಲಸಿಕೆಗೆ ಹೋಗಬೇಕು.

ಧನುರ್ವಾಯುವಿಗೂ ಮಣ್ಣಿಗೂ ಇರುವ ನಂಟು ತಿಳಿದದ್ದು 1884ರಲ್ಲಿ. ಜರ್ಮನಿಯ ಆರ್ಥರ್ ನಿಕೊಲಾಯರ್ ಎಂಬ ಯುವ ವೈದ್ಯ ತೋಟದ ಮಣ್ಣನ್ನು ಪ್ರಾಣಿಗಳ ಚರ್ಮದ ಕೆಳಗೆ ಇಟ್ಟಾಗ ಅವುಗಳಿಗೆ ಧನುರ್ವಾಯು ಬಂತು. ದನ, ಕುದುರೆ, ಕುರಿಗಳ ಕರುಳಿನಲ್ಲಿಯೂ ಸಗಣಿ ಗೊಬ್ಬರದಲ್ಲಿಯೂ ಈ ಬೀಜಾಣು ಇರುತ್ತದೆ. ಗಾಳಿಯಾಡದ ಜಾಗ ಸಿಕ್ಕಿದರೆ ಮಾತ್ರ ಅದು ಮೊಳೆಯುತ್ತದೆ. ಮೊಳೆತು ಉಗುಳುವ ವಿಷವು ನರಗಳನ್ನು ಹಿಡಿದು ಸ್ನಾಯುಗಳನ್ನು ಬಿಗಿಯುತ್ತದೆ. ತುಕ್ಕು ಹಿಡಿದ ಮೊಳೆಯ ಮೇಲಿನ ಭಯದ ಮೂಲ ಇಲ್ಲಿದೆ. ತುಕ್ಕು ರೋಗ ತರುವುದಿಲ್ಲ. ಮಣ್ಣು ಗೊಬ್ಬರದಲ್ಲಿ ಬಿದ್ದಿದ್ದ ಮೊಳೆ, ಮೇಲೆ ಮುಚ್ಚಿಕೊಳ್ಳುವ ಆಳವಾದ ತೂತು ಮಾಡುತ್ತದೆ, ಅದೇ ಅಪಾಯ. ಕಾಲಿಗೆ ಚುಚ್ಚಿದ ಜಾಲಿ ಮುಳ್ಳೂ ಅಷ್ಟೇ ಅಪಾಯಕರ. ಹೊಚ್ಚಹೊಸ, ಹೊಳೆಯುವ ಕುಡುಗೋಲು ಗೊಬ್ಬರದ ತೋಟದಲ್ಲಿ ತಾಗಿದರೂ ಅಷ್ಟೇ.

ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದಕಾರಣ ಊರಿನ ತೊಂಬತ್ತು ಜನ ಲಸಿಕೆ ಪಡೆದರೂ ಉಳಿದ ಹತ್ತು ಜನಕ್ಕೆ ಅದರಿಂದ ರಕ್ಷಣೆಯಿಲ್ಲ. ದಡಾರದ ಮಾತು ಬೇರೆ, ಇದರ ಮಾತು ಬೇರೆ. ಒಮ್ಮೆ ಬಂದು ಗುಣವಾದವರಿಗೂ ಮತ್ತೆ ಬರಬಹುದು, ಏಕೆಂದರೆ ರೋಗ ತರುವಷ್ಟು ವಿಷವೂ ದೇಹಕ್ಕೆ ಪಾಠ ಕಲಿಸಲು ಸಾಲದು. ರಕ್ಷಣೆ ಬರುವುದು ಲಸಿಕೆಯಿಂದ ಮಾತ್ರ, ಅದೂ ಒಂದೇ ಚುಚ್ಚುಮದ್ದಿನಿಂದಲ್ಲ.

ಈಗ ಮೂವರ ಲೆಕ್ಕ ಮಾಡೋಣ. ಮೊಮ್ಮಗನ ತಾಯಿ ಕಾರ್ಡು ತೆಗೆದು ನೋಡಿದರೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್, ಒಂದೂವರೆ ವರ್ಷದ ಸುಮಾರಿಗೆ ಮತ್ತು ಐದು ವರ್ಷ ತುಂಬಿದಾಗ ಡಿ.ಪಿ.ಟಿ. ದಾಖಲಾಗಿವೆ. ಇವೆಲ್ಲದರಲ್ಲಿಯೂ ಧನುರ್ವಾಯು ಲಸಿಕೆ ಇದೆ. ಕಡೆಯದನ್ನು ಪಡೆದು ಸುಮಾರು ಮೂರು ವರ್ಷವಷ್ಟೇ ಆಗಿದೆ. ಮೂರು ಅಥವಾ ಹೆಚ್ಚು ಡೋಸ್ ಪಡೆದವರಿಗೆ ಕಡೆಯ ಡೋಸಿನಿಂದ ಐದು ವರ್ಷದೊಳಗೆ ಎಂತಹ ಕೊಳಕು ಗಾಯವಾದರೂ ಮತ್ತೊಂದು ಚುಚ್ಚುಮದ್ದು ಬೇಕಿಲ್ಲ. ಹುಡುಗ ಬಿದ್ದಾಗಲೆಲ್ಲ ಟಿ.ಟಿ. ಹಾಕಿಸುವ ತಂದೆತಾಯಿಗಳು ಹಣವನ್ನೂ ಮಗುವಿನ ತೋಳನ್ನೂ ವೃಥಾ ನೋಯಿಸುತ್ತಾರೆ. ಪದೇ ಪದೇ ಹಾಕಿಸಿದರೆ ತೋಳು ಅತಿಯಾಗಿ ಊದಿಕೊಳ್ಳುವುದೂ ಉಂಟು. ‘ಟಿ.ಟಿ. ಆರು ತಿಂಗಳು ಮಾತ್ರ ಕೆಲಸ ಮಾಡುತ್ತದೆ’ ಎಂಬುದು ತಪ್ಪು ತಿಳಿವಳಿಕೆ.

ಸೊಸೆ ಬಾಲ್ಯದಲ್ಲಿ ಲಸಿಕೆಗಳನ್ನು ಪೂರ್ತಿ ಪಡೆದಿದ್ದಾರೆ, ಶಾಲೆಯಲ್ಲಿಯೂ ಪಡೆದಿದ್ದಾರೆ. ಮಗ ಹೊಟ್ಟೆಯಲ್ಲಿದ್ದಾಗ ಪಡೆದದ್ದು ಕಡೆಯದು. ಎಂಟು ವರ್ಷ ದಾಟಿದೆ. ಈಳಿಗೆಯ ಗಾಯ ಶುದ್ಧವಾದ ಚಿಕ್ಕ ಗಾಯ. ಇಂತಹ ಗಾಯಕ್ಕೆ ಕಡೆಯ ಡೋಸಿನಿಂದ ಹತ್ತು ವರ್ಷದವರೆಗೆ ಏನೂ ಬೇಡ. ಆದರೆ ಇದೇ ಸೊಸೆಗೆ ಕೊಟ್ಟಿಗೆಯಲ್ಲಿ ಮೊಳೆ ಚುಚ್ಚಿದ್ದರೆ ಉತ್ತರ ಬದಲಾಗುತ್ತಿತ್ತು. ಮಣ್ಣು, ಸಗಣಿ ಸೇರಿದ ಗಾಯ, ಆಳವಾಗಿ ಚುಚ್ಚಿದ ಗಾಯ, ಜಜ್ಜಿದ ಗಾಯ, ಸುಟ್ಟ ಗಾಯಗಳಿಗೆ ಐದು ವರ್ಷ ದಾಟಿದ್ದರೆ ಒಂದು ಡೋಸ್ ಬೇಕು.

ಯಜಮಾನರ ಪರಿಸ್ಥಿತಿ ಬೇರೆ. ನಮ್ಮ ದೇಶದಲ್ಲಿ ಮಕ್ಕಳಿಗೆ ವ್ಯವಸ್ಥಿತ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1978ರಲ್ಲಿ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ಹಳ್ಳಿಗಳತ್ತ ಹರಡತೊಡಗಿದ್ದು 1985ರಿಂದ. ಅವರು ಹುಟ್ಟಿದ್ದು ಅದಕ್ಕೂ ಮೊದಲು. ಹೆಂಗಸರಿಗೆ ಗರ್ಭಿಣಿಯಾದಾಗಲಾದರೂ ಚುಚ್ಚುಮದ್ದು ಸಿಕ್ಕಿತು. ಭಾರತವು 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿದುದರ ಹಿಂದೆ ಈ ಚುಚ್ಚುಮದ್ದೂ ಶುಚಿಯಾದ ಹೆರಿಗೆಯೂ ಇವೆ. ಗಂಡಸರಿಗೆ ಅಂತಹ ಸಂದರ್ಭ ಒದಗಲಿಲ್ಲ. ಗೊಬ್ಬರ ಹೊರುವ, ನೇಗಿಲು ಹಿಡಿಯುವ, ಕಲ್ಲು ಒಡೆಯುವ ಐವತ್ತು ದಾಟಿದ ಗಂಡಸರೇ, ಹಾಗೂ ಗರ್ಭಿಣಿಯಾದಾಗ ಚುಚ್ಚುಮದ್ದು ಪಡೆಯದ ಹಿರಿಯ ಹೆಂಗಸರೇ, ಇಂದು ರಕ್ಷಣೆಯಿಲ್ಲದೆ ಉಳಿದವರು. ಯಜಮಾನರು ‘ಹಿಂದೆ ಎರಡು ಮೂರು ಸಲ ಟಿ.ಟಿ. ಹಾಕಿಸಿದ್ದೇನೆ’ ಎನ್ನುತ್ತಾರೆ. ಚೀಟಿ ಇಲ್ಲ, ವರ್ಷ ನೆನಪಿಲ್ಲ. ದಾಖಲೆಯಿಲ್ಲದ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವರಿಗೆ ಒಂದು ಚುಚ್ಚುಮದ್ದು ಏಕೆ ಸಾಲದು? ಲಸಿಕೆಯೆಂದರೆ ದೇಹಕ್ಕೆ ಪಾಠ. ಎಂದೂ ಪಡೆಯದವರಲ್ಲಿ ಮೊದಲ ಡೋಸಿನಿಂದ ಬಹುಮಟ್ಟಿಗೆ ರಕ್ಷಣೆ ಹುಟ್ಟುವುದಿಲ್ಲ; ಎರಡನೆಯ ಡೋಸಿನ ನಂತರ ಎರಡು ವಾರಗಳಿಗೆ ಅದು ಮೂಡುತ್ತದೆ. ಧನುರ್ವಾಯುವಾದರೋ ಗಾಯವಾದ ಮೂರು ದಿನದಿಂದ ಮೂರು ವಾರದೊಳಗೆ, ಹೆಚ್ಚಾಗಿ ಎಂಟು ಹತ್ತು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಇಂದು ಹಾಕಿಸಿದ ಮೊದಲ ಚುಚ್ಚುಮದ್ದು ಮುಂದಿನ ಗಾಯಗಳಿಗೆ ಅಡಿಪಾಯವೇ ಹೊರತು ಇಂದಿನ ಗಾಯಕ್ಕೆ ಕಾವಲಲ್ಲ. ಇಂದಿನ ಗಾಯಕ್ಕೆ ಸಿದ್ಧ ಪ್ರತಿವಿಷವಾದ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ ಬೇಕು. ಇದನ್ನು ಸಾಮಾನ್ಯವಾಗಿ 250 ಯೂನಿಟ್ ಪ್ರಮಾಣದಲ್ಲಿ, ಲಸಿಕೆ ಕೊಟ್ಟ ತೋಳನ್ನು ಬಿಟ್ಟು ಬೇರೆ ಕಡೆ ಕೊಡುತ್ತಾರೆ. ಗಾಯ ಶುದ್ಧವಾಗಿದ್ದರೆ ಲಸಿಕೆ ಮಾತ್ರ ಸಾಕಿತ್ತು. ಗೊಬ್ಬರದ ತೋಟದ ಗಾಯವಾದುದರಿಂದ ಎರಡೂ ಬೇಕು. ಈ ಪ್ರತಿವಿಷ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಇರಲಾರದು. ಮೊದಲೇ ದೂರವಾಣಿಯಲ್ಲಿ ವಿಚಾರಿಸಿ, ಇಲ್ಲವೆಂದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗುವುದು ಸೂಕ್ತ. 104 ಆರೋಗ್ಯ ಸಹಾಯವಾಣಿಯಲ್ಲಿಯೂ ಸಲಹೆ ಪಡೆಯಬಹುದು. ‘ಇಪ್ಪತ್ನಾಲ್ಕು ಗಂಟೆ ಕಳೆಯಿತು, ಇನ್ನು ಹಾಕಿಸಿ ಫಲವಿಲ್ಲ’ ಎಂದು ಮನೆಯಲ್ಲಿ ಕೂರುವುದು ತಪ್ಪು. ಬೇಗ ಹೋದಷ್ಟೂ ಒಳ್ಳೆಯದು, ತಡವಾಗಿದ್ದರೂ ಹೋಗಬೇಕು.

ಮೊದಲೇ ಲಸಿಕೆಯ ಸರಣಿ ಪೂರೈಸಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆಂಬುದಕ್ಕೆ ಎರಡನೆಯ ಮಹಾಯುದ್ಧದ ಅಮೆರಿಕದ ಸೈನ್ಯವೇ ನಿದರ್ಶನ. ಸೈನಿಕರಿಗೆ ಮೊದಲೇ ಲಸಿಕೆ ಹಾಕಲಾಗಿತ್ತು. ಮಣ್ಣು ಕೆಸರಿನ ಯುದ್ಧಭೂಮಿಯಿಂದ ಹಾಗೂ ಇತರೆಡೆಗಳಿಂದ ಗಾಯಗೊಂಡು ಆಸ್ಪತ್ರೆ ಸೇರಿದ ಪ್ರಕರಣಗಳು ಸುಮಾರು 27 ಲಕ್ಷ. ಧನುರ್ವಾಯು ಬಂದದ್ದು 12 ಮಂದಿಗೆ.

ಈಗ ಕೊಡುವ ಚುಚ್ಚುಮದ್ದಿನ ಹೆಸರು ಟಿ.ಡಿ. ಹಿಂದಿನ ಟಿ.ಟಿ.ಯ ಬದಲಿಗೆ ಬಂದಿರುವ ಇದರಲ್ಲಿ ಗಂಟಲಮಾರಿಯ ಲಸಿಕೆಯೂ ಸೇರಿದೆ. ಶಾಲೆಯಲ್ಲಿ ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ಕೊಡುವುದೂ ಇದನ್ನೇ. ಎಂದೂ ಲಸಿಕೆ ಪಡೆಯದ ವಯಸ್ಕರಿಗೆ ಮೂರು ಡೋಸ್ ಬೇಕು: ಇಂದು ಒಂದು, ನಾಲ್ಕು ವಾರದ ನಂತರ ಒಂದು, ಅದಾದ ಆರು ತಿಂಗಳಿಂದ ಒಂದು ವರ್ಷದೊಳಗೆ ಮೂರನೆಯದು. ಗಾಯವಾದ ದಿನದ ಭಯ ಮೊದಲ ಡೋಸ್ ಹಾಕಿಸುತ್ತದೆ. ಬೆರಳು ಮಾಗಿದ ಮೇಲೆ ಎರಡನೆಯದಕ್ಕೆ ಯಾರೂ ಬರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ.

ಸದಸ್ಯರ ನೆರವು ಬೇಕಾಗಿರುವುದೂ ಇಲ್ಲಿಯೇ. ತಮ್ಮ ವಾರ್ಡಿನಲ್ಲಿ ಐವತ್ತು ದಾಟಿದ ಕೃಷಿಕರು ಮತ್ತು ಕೂಲಿಕಾರರು ಯಾರೆಂಬುದು ಆಸ್ಪತ್ರೆಯ ಕಡತಕ್ಕಿಂತ ತಮಗೆ ಚೆನ್ನಾಗಿ ತಿಳಿದಿರುತ್ತದೆ. ಅವರ ಹೆಸರುಗಳನ್ನು ಆಶಾ ಕಾರ್ಯಕರ್ತೆಯರೊಡನೆ ಕುಳಿತು ಪಟ್ಟಿ ಮಾಡಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವೈದ್ಯಾಧಿಕಾರಿಗಳ ಮುಂದಿಡಬಹುದು. ವಯಸ್ಕರಿಗೆ ಟಿ.ಡಿ. ಯಾವ ದಿನ, ಎಲ್ಲಿ ದೊರೆಯುತ್ತದೆಂಬುದನ್ನು ಅಲ್ಲಿಯೇ ಗೊತ್ತುಪಡಿಸಿಕೊಳ್ಳಬೇಕು. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಕಾಮಗಾರಿ ಸ್ಥಳದಲ್ಲಿ ನೆರಳು ಮತ್ತು ಕುಡಿಯುವ ನೀರಿನ ಜೊತೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಕಡ್ಡಾಯ ಮಾಡಿತು. ಸ್ಥಳ ಪರಿಶೀಲನೆಗೆ ಹೋದಾಗ ಆ ಪೆಟ್ಟಿಗೆಯನ್ನು ತೆರೆದು ನೋಡುವುದು ಒಳಿತು. ಹಳದಿಯಾದ ಹತ್ತಿ ಮತ್ತು ಒಣಗಿದ ಟಿಂಚರ್ ಶೀಸೆಯ ಬದಲು ಸೋಪು, ಗಾಜ್, ಅಂಟುಪಟ್ಟಿ, ಬ್ಯಾಂಡೇಜು, ಜೆಲ್ಲಿ ಟ್ಯೂಬು, ಕತ್ತರಿ, ಚಿಮುಟ ಮತ್ತು ಮುಚ್ಚಿಟ್ಟ ಶುದ್ಧ ನೀರಿನ ಕ್ಯಾನು ಅಲ್ಲಿರಬೇಕು.

ಒಂದು ಎಚ್ಚರಿಕೆ ಉಳಿದಿದೆ. ಗಾಯವಾಗಿ ಕೆಲವು ದಿನಗಳಾದ ಮೇಲೆ ಬಾಯಿ ತೆರೆಯಲು ಬಿಗಿಯಾದರೆ, ಮುದ್ದೆ ನುಂಗಲು ಕಷ್ಟವಾದರೆ, ಕುತ್ತಿಗೆ ಸೆಟೆದರೆ, ಹೊಟ್ಟೆ ಹಲಗೆಯಂತಾದರೆ, ಶಬ್ದ ಕೇಳಿದೊಡನೆ ಮೈ ಸೆಳೆದರೆ ಅದು ಧನುರ್ವಾಯುವಿರಬಹುದು. ಅಷ್ಟರಲ್ಲಿ ಗಾಯ ಮಾಗಿ ಮರೆತೂಹೋಗಿರಬಹುದು. ಹಲ್ಲುನೋವೆಂದೋ ಗಾಳಿ ಸೋಕಿತೆಂದೋ ದಿನ ಕಳೆಯುವುದು ಇದರಿಂದಲೇ. ರೋಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ. ಬಾಯಿಗೆ ನೀರು ಹಾಕದೆ, 108ಕ್ಕೆ ಕರೆ ಮಾಡಿ, ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಯಜಮಾನರು ಅಂದೇ ಟಿ.ಡಿ. ಮೊದಲ ಡೋಸ್ ಮತ್ತು ಪ್ರತಿವಿಷ ಪಡೆದರು. ಬೆರಳು ಹತ್ತು ದಿನಗಳಲ್ಲಿ ಮಾಗಿತು. ಆರೋಗ್ಯ ಕೇಂದ್ರದ ಚೀಟಿಯ ಮೇಲೆ ನಾಲ್ಕು ವಾರದ ನಂತರದ ದಿನಾಂಕ ಬರೆದಿದೆ. ಆ ಚೀಟಿಯನ್ನು ಸೊಸೆ ಪಡಿತರ ಚೀಟಿಯ ಜೊತೆ ಇಟ್ಟಿದ್ದಾರೆ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಗೂಡು ಮಾರುಕಟ್ಟೆಗೆ ಒಯ್ಯುವ ದಿನದ ಪಕ್ಕದಲ್ಲಿ, ಗುರುತು ಮಾಡಿದ್ದಾರೆ.